ಬಿಪಿ ಮಷಿನ್, ಶುಗರ್ ಮೀಟರ್ ಫೋನಿಗೆ ಜೋಡಿಸುವ ಬಗೆ: ಯಾರ ರೀಡಿಂಗ್, ಯಾವಾಗಿನ ರೀಡಿಂಗ್

ನಮ್ಮವ್ವ ಬಾಗಲಕೋಟೆಯ ನವನಗರದಲ್ಲಿದ್ದಾಳೆ, ನಾನು ಬೆಳಗಾವಿಯಲ್ಲಿ. ಅವಳಿಗೆ ಬಿಪಿ, ಶುಗರ್ ಎರಡೂ ಇವೆ. ಮೊದಲು ರೀಡಿಂಗ್ ಎಲ್ಲ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಳು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಬಿಪಿ ಎಲ್ಲವೂ ಒಂದೇ ಚೌಕದಲ್ಲಿ. ತಿಂಗಳು ಮುಗಿದ ಕೂಡಲೇ ಆ ಹಾಳೆ ರೊಟ್ಟಿ ಡಬ್ಬಿಯ ತಳಕ್ಕೆ ಹೋಗುತ್ತಿತ್ತು. ಡಾಕ್ಟರು "ಹೋದ ತಿಂಗಳು ಎಷ್ಟಿತ್ತು" ಅಂತ ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಅದಕ್ಕೆ ಬ್ಲೂಟೂತ್ ಇರುವ ಬಿಪಿ ಮಷಿನ್ ಮತ್ತು ಶುಗರ್ ಮೀಟರ್ ತಂದೆವು.

ಜೋಡಿಸುವುದು ಹತ್ತು ನಿಮಿಷದ ಕೆಲಸ. ಆದರೆ ನಂಬರ್ ಫೋನಿಗೆ ಬಂದುಬಿಟ್ಟರೆ ಸಾಲದು. ಅದು ಯಾರದು, ಯಾವಾಗ ತೆಗೆದದ್ದು ಅನ್ನುವುದೂ ಜೊತೆಗೆ ಸರಿಯಾಗಿ ಬರಬೇಕು. ನಮ್ಮ ಮನೆಯಲ್ಲಿ ಈ ಎರಡೂ ತಪ್ಪಿದ್ದವು. ಗೊತ್ತಾಗಲು ದಿನಗಳೇ ಹಿಡಿದವು. ಹಾಗಾಗಿ ಇಲ್ಲಿ ಜೋಡಿಸುವುದನ್ನೂ, ಆಮೇಲೆ ಲೆಕ್ಕ ಕೆಡದಂತೆ ನೋಡಿಕೊಳ್ಳುವುದನ್ನೂ ಬರೆಯುತ್ತೇನೆ. ನಮ್ಮದು ಆಂಡ್ರಾಯ್ಡ್ ಫೋನ್, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

## ಡಬ್ಬಿಯ ಮೇಲೆ ಓದಬೇಕಾದ ಎರಡು ಸಂಗತಿ

ಒಂದು, ಆ್ಯಪ್‌ನ ಹೆಸರು. ಯಾವ ಮಷಿನ್ ಬೇಕಾದರೂ ಯಾವ ಆ್ಯಪ್‌ಗೆ ಬೇಕಾದರೂ ಕೂಡುವುದಿಲ್ಲ. ಸಾಮಾನ್ಯವಾಗಿ ಒಂದೊಂದು ಕಂಪನಿಗೆ ಒಂದೊಂದು ಆ್ಯಪ್. ಓಮ್ರಾನ್ ಬಿಪಿ ಮಷಿನ್‌ಗೆ OMRON connect, ಒನ್‌ಟಚ್ ಶುಗರ್ ಮೀಟರ್‌ಗೆ OneTouch Reveal, ಹೀಗೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ನಿಂತೇ ಆ ಆ್ಯಪ್ ನಿಮ್ಮ ಫೋನಿನಲ್ಲಿ ಇಳಿಯುತ್ತದೆಯೇ ನೋಡಿ. ಫೋನ್ ಹಳೆಯದಾಗಿದ್ದರೆ ಪ್ಲೇ ಸ್ಟೋರ್ ಅಲ್ಲಿಯೇ ಆಗುವುದಿಲ್ಲ ಅನ್ನುತ್ತದೆ. ಒಂದೇ ಮಾಡೆಲ್ ನಂಬರಿನ ಕೊನೆಯಲ್ಲಿ ಒಂದು ಅಕ್ಷರ ಬೇರೆ ಇದ್ದರೆ ಬ್ಲೂಟೂತ್ ಇಲ್ಲದ ಮಷಿನ್ ಆಗಿರಬಹುದು. ಡಬ್ಬಿಯ ಮೇಲೆ ಬ್ಲೂಟೂತ್ ಗುರುತು ಇದೆಯೇ ಕಣ್ಣಾರೆ ನೋಡಿಕೊಳ್ಳಿ.

ಎರಡು, ತೋಳಿಗೆ ಕಟ್ಟುವ ಬಿಪಿ ಪಟ್ಟಿಯ ಅಳತೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಎಷ್ಟು ಸೆಂ.ಮೀ. ದಪ್ಪದ ತೋಳಿಗೆ ಆಗುತ್ತದೆ ಅಂತ ಪಟ್ಟಿಯ ಮೇಲೆಯೇ ಬರೆದಿರುತ್ತದೆ, ಉದಾಹರಣೆಗೆ 22–32. ಭುಜ ಮತ್ತು ಮೊಣಕೈ ನಡುವಿನ ಜಾಗದಲ್ಲಿ ಟೇಪ್ ಸುತ್ತಿ ಅಳೆಯಿರಿ. ಅವ್ವನ ತೋಳು 34 ಬಂತು. ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆ್ಯಪ್ ಆ ಜಾಸ್ತಿ ನಂಬರನ್ನೇ ಚೆಂದದ ಗ್ರಾಫ್ ಮಾಡಿ ಇಡುತ್ತದೆ. ನಾವು 42ರವರೆಗೆ ಆಗುವ ಪಟ್ಟಿ ತಂದೆವು.

## ಜೋಡಿಸುವುದು

ಮೊದಲ ಸಲ ನಾನು ಫೋನಿನಲ್ಲೇ ಅವ್ವನಿಗೆ ದಾರಿ ಹೇಳುತ್ತಿದ್ದೆ. ಅವಳು ಫೋನಿನ ಬ್ಲೂಟೂತ್ ಸೆಟಿಂಗ್ಸ್‌ಗೆ ಹೋಗಿ ಮಷಿನ್ ಹುಡುಕುತ್ತಿದ್ದಳು. ಇಯರ್‌ಫೋನ್ ಜೋಡಿಸುವುದು ಹಾಗೆಯೇ ಅಲ್ವಾ. "ಹುಡಕಾಕತ್ತೈತಿ, ಹುಡಕಾಕತ್ತೈತಿ, ಸಿಗವಲ್ದಪಾ" ಅಂದಳು. ಎಲ್ಲರೂ ಎಡವುವ ಜಾಗ ಇದೇ. ಈ ಮಷಿನ್‌ಗಳು ಬಹಳ ಕಡಿಮೆ ಕರೆಂಟ್ ತಿನ್ನುವ ಬ್ಲೂಟೂತ್ ಬಳಸುತ್ತವೆ. ಬ್ಯಾಟರಿ ಉಳಿಸಲು ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ. ನಾವು ಎಬ್ಬಿಸಿದಾಗ ಸ್ವಲ್ಪ ಹೊತ್ತು ಮಾತ್ರ ಮಾತಾಡುತ್ತವೆ. ಅವುಗಳ ಮಾತು ಅವುಗಳ ಆ್ಯಪ್‌ಗೆ ಮಾತ್ರ ಅರ್ಥವಾಗುತ್ತದೆ. ಆದ್ದರಿಂದ ಫೋನಿನ ಸೆಟಿಂಗ್ಸ್‌ನಿಂದ ಜೋಡಿಸಲು ಹೋಗಬೇಡಿ. ಯಾವಾಗಲೂ ಆ್ಯಪ್ ಒಳಗಿನಿಂದಲೇ ಜೋಡಿಸಿ.

ಮೊದಲು ಮಷಿನ್‌ಗೆ ಹೊಸ ಬ್ಯಾಟರಿ ಹಾಕಿ. ಫೋನಿನ ಬ್ಲೂಟೂತ್ ಆನ್ ಮಾಡಿ. ಆ್ಯಪ್ ಇಳಿಸಿಕೊಂಡು, ಖಾತೆ ಕೇಳಿದರೆ ರೋಗಿಯ ಹೆಸರಿನಲ್ಲಿಯೇ ಮಾಡಿ. ಆಮೇಲೆ ಅದು ಕೆಲವು ಅನುಮತಿ ಕೇಳುತ್ತದೆ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ Nearby devices ಅಂತ ಬರುತ್ತದೆ, ಅದಕ್ಕೆ ಒಪ್ಪಿಗೆ ಕೊಡಿ. ಆಂಡ್ರಾಯ್ಡ್ 11 ಅಥವಾ ಹಳೆಯದಾದರೆ Location ಕೇಳುತ್ತದೆ. ಬಿಪಿ ಮಷಿನ್‌ಗೆ ನಾನಿರುವ ಜಾಗ ಯಾಕೆ ಬೇಕು ಅಂತ ಅವ್ವ ಬೇಡ ಒತ್ತಿದ್ದಳು. ಕೇಳುವ ಪ್ರಶ್ನೆ ಸರಿಯೇ. ಆದರೆ ಹಳೆಯ ಆಂಡ್ರಾಯ್ಡ್‌ನಲ್ಲಿ ಸುತ್ತಮುತ್ತಲಿನ ಬ್ಲೂಟೂತ್ ಉಪಕರಣ ಹುಡುಕಬೇಕಾದರೆ ಆ ಅನುಮತಿ ಇರಲೇಬೇಕು. ಅನುಮತಿ ಕೊಟ್ಟರೂ ಸಾಲದು, ಮೇಲಿನಿಂದ ಎಳೆಯುವ ಪರದೆಯಲ್ಲಿ Location ಆನ್ ಕೂಡ ಆಗಿರಬೇಕು. ಆ್ಯಪ್ ಸುಮ್ನೆ ತಿರುಗುತ್ತಾ ಏನೂ ಸಿಗದೇ ಇದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಕಾಂಟ್ಯಾಕ್ಟ್ಸ್, ಫೋಟೋ ಕೇಳಿದರೆ ಬೇಡ ಅನ್ನಿ. ರೀಡಿಂಗ್ ಬರಲು ಅವು ಬೇಕಿಲ್ಲ.

ಈಗ ಆ್ಯಪ್‌ನಲ್ಲಿ ಉಪಕರಣ ಸೇರಿಸುವ ಜಾಗಕ್ಕೆ ಹೋಗಿ, ನಿಮ್ಮ ಮಾಡೆಲ್ ಆರಿಸಿ. ಮಷಿನ್‌ನಲ್ಲಿ ಬ್ಲೂಟೂತ್ ಗುರುತಿರುವ ಬಟನ್ ಒತ್ತಿ ಹಿಡಿಯಿರಿ. ಒಮ್ಮೆ ಒತ್ತಿ ಬಿಟ್ಟರೆ ಅದು ಹಳೆಯ ರೀಡಿಂಗ್ ಕಳಿಸಲು ನೋಡುತ್ತದೆ, ಜೋಡಣೆಗೆ ಬರುವುದಿಲ್ಲ. ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಕು. ಓಮ್ರಾನ್‌ನ ಎಷ್ಟೋ ಮಾಡೆಲ್‌ಗಳಲ್ಲಿ ಆಗ P ಅಕ್ಷರ ಮಿನುಗುತ್ತದೆ. ಬೇರೆಯವುಗಳಲ್ಲಿ ಬ್ಲೂಟೂತ್ ಗುರುತು ಮಿನುಗಬಹುದು. ಆಗ ಫೋನಿನ ಮೇಲೆ Pair ಅಂತ ಕೇಳುತ್ತದೆ, ಒಪ್ಪಿಕೊಳ್ಳಿ. ಈ ಕೇಳಿಕೆ ಕೆಲವೊಮ್ಮೆ ಎದುರಿಗೆ ಬರದೆ ಮೇಲಿನ ನೋಟಿಫಿಕೇಶನ್‌ನಲ್ಲಿ ಅಡಗಿ ಕೂತಿರುತ್ತದೆ. ಪರದೆ ಎಳೆದು ನೋಡಿ. ಮಷಿನ್ ಮತ್ತು ಫೋನ್ ಒಂದೇ ಟೇಬಲ್ ಮೇಲಿರಲಿ.

ಒಮ್ಮೆ ಅರ್ಧಕ್ಕೆ ನಿಂತುಹೋದರೆ ಮತ್ತೆ ಮತ್ತೆ ಒತ್ತುವುದರಿಂದ ಕೆಲಸ ಆಗುವುದಿಲ್ಲ. ಜೋಡಣೆಯಾದಾಗ ಫೋನ್ ಮತ್ತು ಮಷಿನ್ ಇಬ್ಬರೂ ಒಂದು ಗುಟ್ಟಿನ ಕೀಲಿ ನೆನಪಿಟ್ಟುಕೊಳ್ಳುತ್ತವೆ. ಒಬ್ಬರು ಮರೆತು ಇನ್ನೊಬ್ಬರು ನೆನಪಿಟ್ಟುಕೊಂಡಿದ್ದರೆ ಎರಡೂ ಕೂಡುವುದಿಲ್ಲ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಆ ಮಷಿನ್ ಹೆಸರು ಬಂದು ಕೂತಿದ್ದರೆ Forget ಒತ್ತಿ ತೆಗೆಯಿರಿ. ಆ್ಯಪ್‌ನಿಂದಲೂ ತೆಗೆಯಿರಿ. ಆಮೇಲೆ ಮೊದಲಿನಿಂದ ಶುರು ಮಾಡಿ. ಹಾಗೆ ಮಾಡಿದಾಗ ನಮ್ಮದು ಒಂದೇ ಸಲಕ್ಕೆ ಕೂಡಿತು.

## ಮಷಿನ್ ಒಳಗಿನ ಗಡಿಯಾರ

ಜೋಡಣೆಯಾದ ಕೂಡಲೇ ಮಷಿನ್ ಮೇಲಿನ ತಾರೀಖು, ಟೈಮ್ ನೋಡಿ. ಬಹಳ ಮಷಿನ್‌ಗಳು ಫೋನಿಗೆ ಕೂಡಿದಾಗ ಫೋನಿನ ಟೈಮ್ ತಾವೇ ತೆಗೆದುಕೊಳ್ಳುತ್ತವೆ. ತೆಗೆದುಕೊಳ್ಳದಿದ್ದರೆ ಕೈಯಿಂದ ಹಾಕಬೇಕು.

ನಮ್ಮ ಮೊದಲ ತಪ್ಪು ಆಗಿದ್ದು ಇಲ್ಲಿ. ಬ್ಯಾಟರಿ ಮುಗಿಯಿತು ಅಂತ ಪಕ್ಕದ ಮನೆಯ ಹುಡುಗ ಬದಲಿಸಿಕೊಟ್ಟ. ಬ್ಯಾಟರಿ ತೆಗೆದಾಗ ಗಡಿಯಾರ ಹಳೆಯ ಯಾವುದೋ ವರ್ಷದ ಜನವರಿ 1ಕ್ಕೆ ಹೋಗಿ ನಿಂತಿತು. ಅವ್ವ ದಿನವೂ ಬಿಪಿ ನೋಡಿದಳು. ಬೆಳಗಾವಿಯಲ್ಲಿ ನನಗೆ ಏನೂ ಕಾಣಲಿಲ್ಲ. ಅವಳು ನೋಡುವುದೇ ಬಿಟ್ಟಿದ್ದಾಳೆ ಅಂದುಕೊಂಡು ನಾಲ್ಕನೇ ದಿನ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. "ದಿನಾ ನೋಡೀನಿ, ಆಣಿ ಮಾಡಿ ಹೇಳ್ತೀನಿ" ಅಂದಳು. ಶನಿವಾರ ಊರಿಗೆ ಹೋಗಿ ಆ್ಯಪ್‌ನ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಎಳೆದೆ. ತೀರ ತಳದಲ್ಲಿ, ನಾವು ಮಷಿನ್ ಕೊಳ್ಳುವುದಕ್ಕಿಂತ ಮೊದಲಿನ ವರ್ಷದಲ್ಲಿ, ನಾಲ್ಕು ದಿನದ ಎಂಟೂ ರೀಡಿಂಗ್ ಕೂತಿದ್ದವು. ಅವ್ವನ ಕೈ ಹಿಡಿದು ತಪ್ಪಾಯಿತು ಅಂದೆ.

ಗುರುತು ಹಿಡಿಯುವುದು ಸುಲಭ. ಈಗ ತಾನೇ ತೆಗೆದ ರೀಡಿಂಗ್ ಪಟ್ಟಿಯ ತುದಿಯಲ್ಲಿ ಕಾಣದಿದ್ದರೆ ತಳ ನೋಡಿ. ಗಡಿಯಾರ ಸರಿ ಮಾಡಿದರೆ ಮುಂದಿನವು ಸರಿಯಾಗಿ ಬರುತ್ತವೆ, ಹಿಂದೆ ಬಂದವು ತಾವಾಗಿ ಸರಿಯಾಗುವುದಿಲ್ಲ. ಅವನ್ನು ಸರಿಯಾದ ತಾರೀಖಿನಲ್ಲಿ ಕೈಯಿಂದ ಬರೆದು, ತಪ್ಪಿದ್ದನ್ನು ಅಳಿಸಬೇಕು. ಇನ್ನೊಂದು ಸಣ್ಣ ಜಾಗ AM, PM. ಅದು ಅದಲುಬದಲಾದರೆ ಬೆಳಿಗ್ಗೆ ಏಳರ ಬರಿಹೊಟ್ಟೆಯ ಶುಗರ್ ರಾತ್ರಿ ಏಳರದಾಗುತ್ತದೆ. ತಾರೀಖು ಸರಿಯಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಟರಿ ಬದಲಿಸಿದ ದಿನ ಟೈಮ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಾವು ಬ್ಯಾಟರಿ ಮುಚ್ಚಳದ ಮೇಲೆ "ಟೈಮ್ ನೋಡು" ಅಂತ ಚೀಟಿ ಅಂಟಿಸಿದ್ದೇವೆ.

## ಕಾಕಾನ ಬಿಪಿ ಅವ್ವನ ಲೆಕ್ಕದಲ್ಲಿ

ಮನೆಯಲ್ಲಿ ಬಿಪಿ ಮಷಿನ್ ಇದೆ ಅಂದರೆ ಬಂದವರೆಲ್ಲ ತೋಳು ಚಾಚುತ್ತಾರೆ. ನಮ್ಮ ಕಾಕಾ ಬುಧವಾರ ಮುಧೋಳದಿಂದ ಬಂದವರು, "ವೈನಿ, ನಂದೂ ಒಂದ್ ಸಲ ನೋಡ್ರಿ" ಅಂದರು. ಅವ್ವ ಎರಡು ಸಲ ನೋಡಿದಳು. ಮಷಿನ್‌ಗೆ ತೋಳು ಯಾರದೆಂದು ಗೊತ್ತಾಗುವುದಿಲ್ಲ. ಅದು ಎರಡನ್ನೂ ಅವ್ವನ ಖಾತೆಗೆ ಹಾಕಿತು.

ಅದರಿಂದ ಎಷ್ಟು ವ್ಯತ್ಯಾಸವಾಯಿತು ನೋಡಿ. ಆ ವಾರ ಅವ್ವನ ಆರು ಬೆಳಗಿನ ಮೇಲಿನ ನಂಬರ್ 128, 132, 130, 126, 134, 130. ಸರಾಸರಿ 130. ಕೆಳಗಿನದು 80, 82, 80, 78, 84, 82. ಸರಾಸರಿ 81. ಕಾಕಾನದು 164/98 ಮತ್ತು 160/96. ಎಂಟನ್ನೂ ಕೂಡಿಸಿ ಆ್ಯಪ್ ತೋರಿಸಿದ ಸರಾಸರಿ 138/85. ಮನೆಯಲ್ಲಿ ನೋಡುವ ಬಿಪಿಗೆ 135/85 ಅನ್ನುವುದು ಗೆರೆ. ಅದರ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಅಂದರೆ ಗೆರೆಯ ಕೆಳಗೆ ಚೆನ್ನಾಗಿಯೇ ಇದ್ದ ಅವ್ವ, ಕಾಕಾನ ಎರಡು ರೀಡಿಂಗ್‌ನಿಂದ ಗೆರೆ ದಾಟಿದ ಹಾಗೆ ಕಂಡಳು. ಡಾಕ್ಟರು ಆ ಸರಾಸರಿ ನಂಬಿ ಗುಳಿಗೆ ಜಾಸ್ತಿ ಮಾಡಿದ್ದರೆ? ಇನ್ನೊಂದು ಕಡೆಯೂ ಇದೆ. ಕಾಕಾನ ಬಿಪಿ ನಿಜವಾಗಿಯೂ ಜಾಸ್ತಿ ಇತ್ತು, ಅದು ಅವರ ಹೆಸರಿನಲ್ಲಿ ಎಲ್ಲಿಯೂ ಉಳಿಯಲಿಲ್ಲ.

ಪಟ್ಟಿಯಲ್ಲಿ ಒಮ್ಮೆಲೇ ನೆಗೆದ ನಂಬರ್, ಅದೂ ದಿನವೂ ನೋಡದ ಹೊತ್ತಿನಲ್ಲಿ ಇದ್ದರೆ, ಅಳಿಸುವ ಮೊದಲು ಕೇಳಿ. ಅದು ಬೇರೆಯವರದೆಂದು ಖಾತ್ರಿಯಾದರೆ ಮಾತ್ರ ಅಳಿಸಿ. ಜಾಸ್ತಿ ಬಂತು ಅನ್ನುವ ಕಾರಣಕ್ಕೆ ಅಳಿಸುವುದು ಬೇಡ. ಎಷ್ಟೋ ಮಷಿನ್‌ಗಳಲ್ಲಿ ಇಬ್ಬರಿಗೆ ಜಾಗವಿರುತ್ತದೆ, 1 ಮತ್ತು 2. ಅವ್ವ 1 ಅಂತ ಇಟ್ಟು, ಆ್ಯಪ್‌ನಲ್ಲಿಯೂ 1ನ್ನೇ ಜೋಡಿಸಿ. ಬಂದವರಿಗೆ ನೋಡುವಾಗ 2ಕ್ಕೆ ಬದಲಿಸಿ. ಕೆಲವು ಮಷಿನ್‌ನಲ್ಲಿ ಅತಿಥಿಗೆ ಬೇರೆ ಬಗೆಯೇ ಇರುತ್ತದೆ, ಆ ರೀಡಿಂಗ್ ಎಲ್ಲಿಯೂ ಉಳಿಯುವುದಿಲ್ಲ. ಅವ್ವನಿಗೆ ಬಟನ್ ಬದಲಿಸುವುದು ನೆನಪಿರುವುದಿಲ್ಲ. ಹಾಗಾಗಿ ಬಂದವರದು ನೋಡುವಾಗ ಅವಳು ಫೋನಿನ ಬ್ಲೂಟೂತ್ ಆಫ್ ಮಾಡುತ್ತಿದ್ದಳು. ಅದರಿಂದ ಉಪಯೋಗವಾಗಲಿಲ್ಲ. ಮಷಿನ್ ರೀಡಿಂಗ್ ನೆನಪಿಟ್ಟುಕೊಂಡು ಮರುದಿನ ಕಳಿಸಿಬಿಡುತ್ತದೆ. ಕೊನೆಗೆ 1, 2 ಬಟನ್ ಪಕ್ಕದಲ್ಲಿ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಹಾಕಿದೆವು. ಚುಕ್ಕೆಯ ಕಡೆ ಇದ್ದರೆ ಅವ್ವ. ಅವತ್ತಿನಿಂದ ಬೆರಕೆಯಾಗಿಲ್ಲ.

## ಶುಗರ್ ಮೀಟರ್

ಜೋಡಿಸುವ ಬಗೆ ಹೆಚ್ಚು ಕಡಿಮೆ ಅದೇ. ಒಂದೇ ಬೇರೆ, ಇಲ್ಲಿ ಸಾಮಾನ್ಯವಾಗಿ ಆರು ಅಂಕಿಯ ಪಿನ್ ಕೇಳುತ್ತದೆ. ಕೆಲವು ಮೀಟರ್ ಅದನ್ನು ಪರದೆಯ ಮೇಲೆ ತೋರಿಸುತ್ತವೆ. ಅಕ್ಯು-ಚೆಕ್ ಇನ್‌ಸ್ಟಂಟ್‌ನಂಥವುಗಳಲ್ಲಿ ಮೀಟರ್ ಬೆನ್ನಿನ ಚೀಟಿಯ ಮೇಲೆ ಇರುತ್ತದೆ. 0000, 1234 ಅಂತ ಊಹಿಸಿ ಹಾಕಬೇಡಿ. ಆ ಚೀಟಿ ಸವೆದುಹೋಗುವ ಮೊದಲು ಒಂದು ಫೋಟೋ ತೆಗೆದಿಡಿ. ಆ್ಯಪ್‌ನಲ್ಲಿ ಅಳತೆ mg/dL ಅಂತಲೇ ಇರಲಿ, ನಮ್ಮ ಡಾಕ್ಟರುಗಳು, ಲ್ಯಾಬ್‌ಗಳು ಬಳಸುವುದು ಅದನ್ನೇ. ತಪ್ಪಿ mmol/L ಆಗಿದ್ದರೆ 110 ಇದ್ದದ್ದು 6.1 ಅಂತ ಕಾಣುತ್ತದೆ. ಮನೆಯವರು ಶುಗರ್ ಪೂರ್ತಿ ಇಳಿದುಹೋಗಿದೆ ಅಂತ ಗಾಬರಿಯಾಗುತ್ತಾರೆ.

ಶುಗರ್ ನಂಬರಿಗೆ ತಾರೀಖು, ಹೆಸರಿನ ಜೊತೆ ಇನ್ನೊಂದು ಮಾತು ಬೇಕು: ಊಟಕ್ಕೆ ಮೊದಲೋ, ಆಮೇಲೋ. ಎಷ್ಟೋ ಮೀಟರ್‌ಗಳು ಕಳಿಸುವುದು 168 ಅಂತ ನಂಬರ್ ಮತ್ತು ಹೊತ್ತು ಮಾತ್ರ. ಬರಿಹೊಟ್ಟೆಯಲ್ಲಿ 168 ಬಂದರೆ ಅದರ ಅರ್ಥ ಬೇರೆ, ಊಟವಾಗಿ ಎರಡು ತಾಸಿಗೆ 168 ಬಂದರೆ ಬೇರೆ. ಆ್ಯಪ್‌ನಲ್ಲಿ ರೀಡಿಂಗ್ ಒತ್ತಿದರೆ ಗುರುತು ಹಾಕುವ ಜಾಗವಿರುತ್ತದೆ. ಆಗಿಂದಾಗಲೇ ಹಾಕಬೇಕು, ವಾರದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಬರಿಹೊಟ್ಟೆ ಅಂದರೆ ಕನಿಷ್ಠ ಎಂಟು ತಾಸು ನೀರು ಬಿಟ್ಟು ಏನೂ ಇಲ್ಲ. ಬೆಳಗಿನ ಚಹಾ ಕುಡಿದರೆ ಅದು ಬರಿಹೊಟ್ಟೆಯಲ್ಲ. ಊಟದ ಎರಡು ತಾಸನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈತೊಳೆದ ಹೊತ್ತಿನಿಂದಲ್ಲ.

ಕೈಯ ವಿಷಯಕ್ಕೇ ಬರುತ್ತೇನೆ. ಒಂದು ಬೆಳಿಗ್ಗೆ ಅವ್ವನ ಬರಿಹೊಟ್ಟೆಯ ಶುಗರ್ 214 ಅಂತ ನನ್ನ ಫೋನಿಗೆ ಬಂತು. ಫೋನ್ ಮಾಡಿ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಹಬ್ಬದ ಹೋಳಿಗೆಗೆ ಬೆಲ್ಲದ ಪೆಂಟಿ ಒಡೆಯುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆರಳು ಚುಚ್ಚಿದ್ದಳು. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ, ಬೇರೆ ಬೆರಳಿನಿಂದ ನೋಡಿದಾಗ 132. ಸ್ಟ್ರಿಪ್‌ಗೆ ಬೇಕಾಗುವುದು ಒಂದು ಮೈಕ್ರೋಲೀಟರ್ ಆಸುಪಾಸಿನ ಚಿಕ್ಕ ಹನಿ. ಕಣ್ಣಿಗೆ ಕಾಣದಷ್ಟು ಬೆಲ್ಲ ಅದರಲ್ಲಿ ಬೆರೆತರೂ ನಂಬರ್ ಏರುತ್ತದೆ. ಮಾವಿನಹಣ್ಣು, ಬಾಳೆಹಣ್ಣು ಸುಲಿದ ಕೈಯದೂ ಇದೇ ಕಥೆ. 214ನ್ನು ಅಳಿಸಲಿಲ್ಲ, ಅದರ ಮೇಲೆ "ಬೆಲ್ಲದ ಕೈ" ಅಂತ ಬರೆದೆವು. ಡಾಕ್ಟರಿಗೆ ಅಷ್ಟು ಸಾಕಾಯಿತು.

ಸ್ಟ್ರಿಪ್‌ಗಳು ಸೆಕೆ ತಡೆಯುವುದಿಲ್ಲ. ಬಹಳ ಡಬ್ಬಿಗಳ ಮೇಲೆ 30 ಡಿಗ್ರಿಯ ಒಳಗೆ ಇಡಿ ಅಂತ ಬರೆದಿರುತ್ತದೆ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್, ಮೇ ಬಂದರೆ ಹೊರಗೆ 40 ಆಗುತ್ತದೆ. ಕಿಟಕಿಯ ಕಟ್ಟೆ, ಟಿವಿಯ ಮೇಲೆ, ಬಿಸಿಲಿನಲ್ಲಿ ನಿಂತ ಗಾಡಿ ಇವೆಲ್ಲ ಬೇಡ. ಮನೆಯ ಒಳಗಿನ ತಂಪು ಕೋಣೆಯಲ್ಲಿ, ಮುಚ್ಚಳ ಗಟ್ಟಿಯಾಗಿ ಹಾಕಿ ಇಡಿ. ಫ್ರಿಜ್‌ನಲ್ಲೂ ಇಡಬೇಡಿ, ತೇವ ಹಿಡಿಯುತ್ತದೆ.

ಮೀಟರಿಗೂ ಲ್ಯಾಬಿಗೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಅದು ಮೀಟರ್ ಕೆಟ್ಟಿದ್ದಕ್ಕಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಮೇಲಿನ ನಂಬರಿಗೆ ಶೇ. 15ರಷ್ಟು ಆಚೀಚೆ ಒಪ್ಪುತ್ತದೆ. ಲ್ಯಾಬಿನಲ್ಲಿ 150 ಇದ್ದರೆ ಮೀಟರ್ 140 ಅಥವಾ 160 ತೋರಿಸಬಹುದು. ಅದಕ್ಕೆ ಒಂದೊಂದು ನಂಬರಿಗೆ ಹೆದರದೆ ವಾರಗಟ್ಟಲೆ ಎತ್ತ ಹೊರಟಿದೆ ಅಂತ ನೋಡಬೇಕು.

## ದಿನವೂ ಒಂದೇ ತರಹ

ಬಿಪಿಯಲ್ಲಿಯೂ ಹಾಗೆಯೇ. ಹೋಲಿಸಲು ಬರಬೇಕಾದರೆ ದಿನವೂ ಒಂದೇ ರೀತಿ ನೋಡಬೇಕು. ಅವ್ವ ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿಬಂದು, ಚಹಾ ಮತ್ತು ಬಿಪಿ ಗುಳಿಗೆಗೆ ಮೊದಲು ಕುರ್ಚಿಯ ಮೇಲೆ ಬೆನ್ನು ಆನಿಸಿ ಕೂರುತ್ತಾಳೆ. ಕಾಲು ನೆಲಕ್ಕೆ, ಒಂದರ ಮೇಲೊಂದು ಇಲ್ಲ. ಐದು ನಿಮಿಷ ಸುಮ್ಮನೆ. ಪಟ್ಟಿ ಸೀರೆಯ ಕುಪ್ಪಸದ ತೋಳಿನ ಮೇಲಲ್ಲ, ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಒಂದೆರಡು ಸೆಂ.ಮೀ. ಮೇಲೆ. ಕೈ ಟೇಬಲ್ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ನೋಡುವಾಗ ಮಾತಿಲ್ಲ, ಫೋನ್ ಬಂದರೂ ಎತ್ತುವುದಿಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಸಂಜೆಯೂ ಹಾಗೆಯೇ ಎರಡು. ಡಾಕ್ಟರ ಭೇಟಿಗೆ ಮೊದಲಿನ ಏಳು ದಿನ ಹೀಗೆ ನೋಡಿ, ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಅದು ಒಳ್ಳೆಯ ಲೆಕ್ಕ.

ನೋಡಿ ಮುಗಿದ ಮೇಲೆ ಆ್ಯಪ್ ತೆರೆಯಬೇಕು. ತಾನಾಗಿ ಬರುತ್ತದೆ ಅಂತ ನಂಬಿ ಕೂರಬೇಡಿ. ಬಹಳ ಫೋನ್‌ಗಳು ಬ್ಯಾಟರಿ ಉಳಿಸಲು ಹಿಂದೆ ನಡೆಯುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಫೋನಿನ ಬ್ಯಾಟರಿ ಸೆಟಿಂಗ್ಸ್‌ನಲ್ಲಿ ಈ ಆ್ಯಪ್‌ಗೆ Unrestricted ಕೊಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಆದರೂ ತೆರೆದು ನೋಡುವುದೇ ನಂಬಿಕೆಯದು. ಒಂದೆರಡು ದಿನ ತಪ್ಪಿದರೆ ಚಿಂತೆಯಿಲ್ಲ, ಮಷಿನ್ ನೆನಪಿಟ್ಟುಕೊಂಡಿರುತ್ತದೆ. ಆದರೆ ಅದರ ನೆನಪಿಗೂ ಮಿತಿಯಿದೆ. ತುಂಬಿದಾಗ ಹಳೆಯದನ್ನು ತಳ್ಳಿ ಹೊಸದನ್ನು ಇಡುತ್ತದೆ. ವಾರಕ್ಕೊಮ್ಮೆಯಾದರೂ ಫೋನಿಗೆ ತೆಗೆದುಕೊಳ್ಳಿ.

## ಎರಡು ಆ್ಯಪ್, ಒಂದು ಪಟ್ಟಿ

ಬಿಪಿ ಒಂದು ಆ್ಯಪ್‌ನಲ್ಲಿ, ಶುಗರ್ ಇನ್ನೊಂದರಲ್ಲಿ ಆಯಿತು. ಎರಡನ್ನೂ ಒಂದೆಡೆ ನೋಡಲು ಆಂಡ್ರಾಯ್ಡ್‌ನಲ್ಲಿ Health Connect ಇದೆ. ಆಂಡ್ರಾಯ್ಡ್ 14ರಿಂದ ಫೋನಿನಲ್ಲೇ ಬರುತ್ತದೆ, ಹಳೆಯದಾದರೆ ಪ್ಲೇ ಸ್ಟೋರ್‌ನಿಂದ ಇಳಿಸಬೇಕು. ಐಫೋನ್‌ನಲ್ಲಿ ಆ ಕೆಲಸ Health ಮಾಡುತ್ತದೆ. ನಿಮ್ಮ ಆ್ಯಪ್ ಇವಕ್ಕೆ ಕೂಡುವಂತಿದ್ದರೆ ಬಿಪಿಗೆ ಬಿಪಿಯ ಅನುಮತಿ, ಶುಗರ್‌ಗೆ ಶುಗರ್ ಅನುಮತಿ ಮಾತ್ರ ಕೊಡಿ. Health Connect ಮಾಹಿತಿಯನ್ನು ಆ ಫೋನಿನಲ್ಲೇ ಇಡುತ್ತದೆ. ಫೋನ್ ಕಳೆದರೆ ಅದೂ ಹೋಗಬಹುದು. ಅದಕ್ಕೆ ತಿಂಗಳಿಗೊಮ್ಮೆ ಆ್ಯಪ್‌ನಿಂದ ಪಿಡಿಎಫ್ ಅಥವಾ CSV ಫೈಲ್ ತೆಗೆದು ನನಗೆ ಕಳಿಸಿಕೊಳ್ಳುತ್ತೇನೆ. ಡಾಕ್ಟರಿಗೆ ತೋರಿಸುವುದು ಆ ಪಿಡಿಎಫ್‌ನ ಮೊದಲ ಹಾಳೆಯ ಪ್ರಿಂಟ್. ಪೇಷಂಟ್ ಸಾಲಿನಲ್ಲಿರುವಾಗ ಫೋನ್ ಗ್ರಾಫ್ ಹಿಗ್ಗಿಸಿ ನೋಡಲು ಯಾರಿಗೂ ಪುರಸೊತ್ತಿಲ್ಲ.

ಹೊಸ ಫೋನ್ ಕೊಂಡರೆ ಮೊದಲು ಹಳೆಯದರಲ್ಲಿ ಫೈಲ್ ತೆಗೆದಿಡಿ. ಆಮೇಲೆ ಹಳೆಯ ಆ್ಯಪ್‌ನಿಂದ ಮಷಿನ್ ತೆಗೆದು, Forget ಮಾಡಿ, ಹೊಸ ಫೋನಿನಲ್ಲಿ ಅದೇ ಖಾತೆಯಿಂದ ಒಳಗೆ ಹೋಗಿ ಜೋಡಿಸಿ. ಇಬ್ಬರ ಫೋನಿಗೂ ಒಂದೇ ಮಷಿನ್ ಜೋಡಿಸಿಡುವುದು ಬೇಡ. ಯುಗಾದಿಗೆ ನಾನು ಊರಲ್ಲಿದ್ದಾಗ ಅವ್ವನ ಮೂರು ದಿನದ ರೀಡಿಂಗ್ ನನ್ನ ಖಾತೆಗೆ ಬಂದು ಕೂತಿದ್ದವು.

ಫೋನಿನ ಗ್ರಾಫ್ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ನಂಬರ್‌ಗಳನ್ನು ಅವ್ವನ ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಕೂಡಲೇ 108. ಶುಗರ್ 70ಕ್ಕಿಂತ ಕೆಳಗೆ ಬಂದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108. ಅದರ ಕೆಳಗೆ ಪಕ್ಕದ ಮನೆಯವರ ನಂಬರ್, ಆಮೇಲೆ ನನ್ನದು.